ಅಮ್ಮನ ಮೂರು ಕೆಮ್ಮುಗಳು

ನನ್ನ ಪುಸ್ತಕದ ಲೆಕ್ಕದಲ್ಲಿ ಅದು ಒಂದೇ ಕೆಮ್ಮು. ಅಮ್ಮನ ಲೆಕ್ಕದಲ್ಲಿ ಮೂರು. ಈ ಒಂದು ಮತ್ತು ಮೂರರ ಜಗಳದಲ್ಲಿ ನಮ್ಮ ಮನೆಯಲ್ಲಿ ಹತ್ತು ದಿನ ಸುಮ್ಮನೆ ಹಾಳಾದವು.

ನಾನು ದಿನಾಂಕ ಬರೆದಿಡುವವಳು. ಗ್ಯಾಸ್ ಸಿಲಿಂಡರ್ ಜೋಡಿಸಿದ ದಿನ, ನಮ್ಮೂರು ಇಸಳೂರಿನ ಬಸ್ಸು ಎಷ್ಟು ನಿಮಿಷ ತಡ, ಸ್ಕೂಟಿಗೆ ಎಣ್ಣೆ ಬದಲಿಸಿದ್ದು ಯಾವಾಗ, ಎಲ್ಲವೂ ಒಂದು ಉದ್ದ ಪುಸ್ತಕದಲ್ಲಿವೆ. ಶಿರಸಿ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗೆರೆ ಎಳೆದು ಹೊಸ ಕಾಲಂ ಮಾಡುವುದು ನನ್ನ ಹುಚ್ಚು. ಹಾಗಾಗಿ ಅಮ್ಮ ಯಲ್ಲಾಪುರದ ತರಬೇತಿ ಮುಗಿಸಿ ಬಂದ ಸಂಜೆಯೇ 'ಅಮ್ಮ: ಕೆಮ್ಮು' ಎಂದು ಬರೆದಿದ್ದೆ. ಮರುದಿನವೂ ಬರೆದೆ. ಆಮೇಲೆ ಒಂದು ದಿನವೂ ಖಾಲಿ ಬಿಡಲು ಆಗಲಿಲ್ಲ.

ಅಮ್ಮ ಆಶಾ ಕಾರ್ಯಕರ್ತೆ. ಇಸಳೂರಿನ ಹೊಸ ಮನೆಗಳಿಂದ ಹಿಡಿದು ಆಚೆಯ ತೋಟದ ಮನೆಗಳವರೆಗೆ ಅವಳ ಓಡಾಟ. ಬಸುರಿಯರು, ಬಾಣಂತಿಯರು, ಮಕ್ಕಳ ಲಸಿಕೆ, ಜೊತೆಗೆ ಕ್ಷಯ ಇರಬಹುದೆಂದು ಕೆಮ್ಮುವವರನ್ನು ಹುಡುಕುವ ಕೆಲಸ. ಮನೆ ಮನೆಯ ಜಗಲಿಯಲ್ಲಿ ನಿಂತು ಅವಳು ಕೇಳುವ ಪ್ರಶ್ನೆಗಳು ನನಗೂ ಬಾಯಿಪಾಠ: ಎರಡು ವಾರಕ್ಕಿಂತ ಹೆಚ್ಚು ದಿನದ ಕೆಮ್ಮು ಇದೆಯಾ, ಸಂಜೆ ಜ್ವರ ಬರುತ್ತದಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತೀರಾ, ಕಫದಲ್ಲಿ ರಕ್ತ ಕಂಡಿದೆಯಾ. ಇದ್ದರೆ ಕಫದ ಪರೀಕ್ಷೆಗೆ ಚೀಲದಿಂದ ಮುಚ್ಚಳದ ಡಬ್ಬಿ ತೆಗೆದು ಕೊಡುತ್ತಾಳೆ. ಆ ವಾರಗಳಲ್ಲಿ ಅವಳು ಆ ಪ್ರಶ್ನೆಗಳನ್ನು ಕೆಮ್ಮುತ್ತಲೇ ಕೇಳುತ್ತಿದ್ದಳು.

ಒಂಬತ್ತನೇ ದಿನ ಮೆಡಿಕಲ್ ಅಂಗಡಿಯ ಸಿರಪ್ ಕುಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ಸುಮ್ಮನಿದ್ದಳು. ಸಂಜೆ ಮತ್ತೆ ಶುರು, ಈಗ ಕಫ ಬೇರೆ.

"ಮೊದಲಿಂದು ಒಣ ಕೆಮ್ಮು, ಅದು ಹೋಯ್ತು. ಇದು ಕಫದ್ದು. ಬೇರೆ" ಎಂದಳು.

"ನಡುವೆ ಒಂದು ದಿನ ಪೂರ್ತಿ ಬಿಟ್ಟಿದ್ದಾದರೂ ಇದ್ಯಾ?"

"ಬೆಳಗಾತ ಕೆಮ್ಮಿದ್ನಾ? ಇಲ್ಲ. ಎಣಿಸೋದಿದ್ರೆ ಇವತ್ತಿಂದ ಎಣಿಸು."

ಹದಿನೇಳನೇ ದಿನ ಮಸಾಲೆಗೆ ಮೆಣಸು ಹುರಿದಳು. ಘಾಟಿಗೆ ನಾನೂ ಕೆಮ್ಮಿದೆ. ನನ್ನದು ಹತ್ತು ನಿಮಿಷಕ್ಕೆ ನಿಂತಿತು, ಅವಳದು ನಿಲ್ಲಲಿಲ್ಲ. ಮರುದಿನದಿಂದ ಅದು ಮೂರನೆಯ ಕೆಮ್ಮು ಆಯಿತು, ಹೆಸರು 'ಮೆಣಸಿನ ಘಾಟು'. ಎಂಟು ದಿನ, ಒಂಬತ್ತು ದಿನ, ಮತ್ತೆ ಒಂದರಿಂದ. ಯಾವುದೂ ಹದಿನಾಲ್ಕು ದಾಟುವುದೇ ಇಲ್ಲ. ಊರಿನಲ್ಲಿ ಬೇರೆ ಯಾರಾದರೂ ಈ ಲೆಕ್ಕ ಹೇಳಿದ್ದರೆ ಅಮ್ಮ ಅವರ ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ನಾನು ಪುಸ್ತಕ ತೆರೆದು ಮುಂದೆ ಹಿಡಿದೆ. ಹತ್ತೊಂಬತ್ತು ದಿನ, ಹತ್ತೊಂಬತ್ತು ಗೀಟು. ಅದರಲ್ಲಿ ಸಂಜೆ ಮೈ ಬಿಸಿ ಎಂದು ಬರೆದದ್ದು ಆರು ಸಲ. ಬಳೆ ಮೊಣಕೈವರೆಗೆ ಜಾರುತ್ತಿದೆ ಎಂದು ಒಂದು ಸಲ.

"ನೀ ಎಂತ ನನ್ನ ಮೇಲಧಿಕಾರಿಯೇನೇ? ಬರೆಯೋದಕ್ಕೆ ಬೇರೆ ಎಂತದೂ ಸಿಕ್ಕಲ್ಲ ನಿಂಗೆ?"

"ಎರಡು ವಾರ ದಾಟಿದ್ರೆ ಕಫ ಕೊಡ್ಬೇಕು ಅಂತ ಊರಿಗೆಲ್ಲ ಹೇಳೋದು ಯಾರಮ್ಮಾ?"

"ಊರಿಗೆ ಹೇಳ್ತೆ. ನಂಗೆ ನಾನೇ ಹೇಳ್ಕಳ್ಳದು ಬೇಡ, ನಂಗೆ ಗೊತ್ತಿದ್ದು."

ಭಾನುವಾರ ಯಲ್ಲಾಪುರದ ಗ್ಯಾರೇಜಿನಿಂದ ಮನೆಗೆ ಬಂದ ಅಪ್ಪನಿಗೆ ಹೇಳಿದೆ. "ಅವಳಿಗೆ ಗೊತ್ತಿಲ್ದೇ ಇರ್ತದಾ, ಅವಳ ಕೆಲಸವೇ ಅದು" ಎಂದು ಅವರು ಪೇಪರ್ ತಿರುಗಿಸಿದರು. ಎಲ್ಲರೂ ಹೀಗೇ. ಅಮ್ಮನಿಗೆ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಅಮ್ಮನನ್ನು ಯಾರೂ ಕೇಳುತ್ತಿರಲಿಲ್ಲ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ತೋಟದ ಮನೆಯೊಂದರಲ್ಲಿ ಸೊಸೆಗೆ ಹೆರಿಗೆಯಾಗಿತ್ತು. ಮೂರನೇ ದಿನ, ಏಳನೇ ದಿನ ಅಮ್ಮ ಹೋಗಿ ಕೂಸಿನ ತೂಕ ನೋಡಿ ಬಂದಿದ್ದಳು. ಹದಿನಾಲ್ಕನೇ ದಿನದ ಭೇಟಿ ಬರುವ ಶನಿವಾರಕ್ಕೆ. ಅಲ್ಲಿ ಮಾಸ್ಕ್ ಹಾಕುತ್ತಾಳೆ, ಒಪ್ಪುತ್ತೇನೆ. ಆದರೆ ಕೆಮ್ಮು ಬಂದಾಗ ಉಸಿರು ಕಟ್ಟುತ್ತದೆ ಎಂದು ಅದನ್ನು ಕೆಳಗೆ ಜಗ್ಗಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಶನಿವಾರದೊಳಗೆ ಪರೀಕ್ಷೆ ಆಗಬೇಕು ಎಂದು ಪುಸ್ತಕದಲ್ಲಿ ಬರೆದು ಎರಡು ಗೆರೆ ಎಳೆದೆ.

ಇಪ್ಪತ್ತಮೂರನೇ ದಿನ, ಗುರುವಾರ ಸಂಜೆ, ಅಮ್ಮನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಒಬ್ಬ ಚಾಚಾರ ಮನೆಗೆ ಹೋದೆ. ಲಾರಿ ಓಡಿಸಿ ನಿವೃತ್ತರಾದವರು. ಮೂರು ವಾರದಿಂದ ಕೆಮ್ಮು. ಅಮ್ಮ ಡಬ್ಬಿ ಕೊಟ್ಟು ನಾಲ್ಕು ದಿನವಾಗಿತ್ತು. ಅದು ಕಿಟಕಿಯ ಮೇಲೆ ಹಾಗೇ ಖಾಲಿ ಕೂತಿತ್ತು.

"ಎಂತ ಚಾಚಾ, ಅದನ್ನ ಶೋಕೇಸಿಗೆ ಇಟ್ಕಂಡ್ರಾ?" ಎಂದು ಕೇಳಿ ಅಮ್ಮ ಕೆಮ್ಮಿದಳು. ಸಣ್ಣದಲ್ಲ. ಕಂಬ ಹಿಡಿದುಕೊಂಡು ಬಗ್ಗಿ ಕೆಮ್ಮಿದಳು.

ಚಾಚಾ ಮುಗಿಯುವವರೆಗೆ ಕಾದರು. "ಅಕ್ಕಾ, ನಂದು ಮೂರು ವಾರ. ನಿಮ್ದು ಎಷ್ಟಾಯ್ತು?"

"ನಂದು ಆರು ದಿನ. ಮೆಣಸು ಹುರಿದಿದ್ದು."

"ಇಪ್ಪತ್ತಮೂರು" ಎಂದೆ ನಾನು.

ಚಾಚಾ ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. "ಹಂಗಾದ್ರೆ ಒಂದು ಕೆಲಸ ಮಾಡುವಾ. ನೀವೂ ಕೊಡಿ, ನಾನೂ ಕೊಡ್ತೀನಿ. ನೀವು ಕೊಡಲ್ಲ ಅಂದ್ರೆ ನನ್ನ ಡಬ್ಬಿ ಇಲ್ಲೇ ಇರ್ತದೆ. ಚಂದ ಉಂಟು, ಲವಂಗ ಹಾಕಿಡ್ತೀನಿ."

ಅಮ್ಮನ ಮುಖ ಕೆಂಪಾಯಿತು. ಚಾಚಾ ಪರೀಕ್ಷೆಗೆ ಕೊಡದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಚೀಲದಿಂದ ಚಾಚಾಗೆ ಇನ್ನೊಂದು, ತನಗೆ ಎರಡು ಡಬ್ಬಿ ತೆಗೆದಳು: ಒಂದು ಆಗಲೇ ಕೊಡುವುದಕ್ಕೆ, ಇನ್ನೊಂದು ಮರುದಿನ ಎದ್ದ ಕೂಡಲೇ ಕೊಡುವುದಕ್ಕೆ. ಚಾಚಾಗೆ ಎಂದಿನಂತೆ ವಿವರಿಸಿದಳು. ಬರಿ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು, ಬಯಲಿಗೆ ಹೋಗಿ ಎರಡು ಮೂರು ಸಲ ದೀರ್ಘ ಉಸಿರೆಳೆದು ಎದೆಯ ಆಳದಿಂದ ಕೆಮ್ಮಿ ತೆಗೆಯಬೇಕು, ಉಗುಳು ಬೇಡ. ಚಾಚಾ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಕಷ್ಟಪಟ್ಟರು. ಅಮ್ಮ ಬಾವಿಯಾಚೆ ಹೋದವಳು ಅರ್ಧ ನಿಮಿಷಕ್ಕೆ ಮುಚ್ಚಳ ತಿರುವುತ್ತ ಬಂದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಶುಕ್ರವಾರ ಬೆಳಿಗ್ಗೆ ನಾಲ್ಕೂ ಡಬ್ಬಿಗಳನ್ನು ತಾಲೂಕು ಆಸ್ಪತ್ರೆಯ ಲ್ಯಾಬಿಗೆ ಒಯ್ದೆವು. ಅಲ್ಲಿನ ಟೆಕ್ನಿಷಿಯನ್ ಹೆಂಗಸು ಅಮ್ಮನನ್ನು ವರ್ಷಗಳಿಂದ ಬಲ್ಲವರು. ಚಾಚಾರದು ನೋಡಿ ಬದಿಗಿಟ್ಟರು. ಅಮ್ಮನ ಡಬ್ಬಿಗಳನ್ನು ಬೆಳಕಿಗೆ ಹಿಡಿದರು. ಎರಡರಲ್ಲೂ ತೆಳ್ಳಗೆ ನೀರಿನಂಥದ್ದು, ಮೇಲೆ ನೊರೆ.

"ಆಶಕ್ಕಾ, ಇದು ಉಗುಳು."

"ಅಷ್ಟೇ ಬಂತು."

"ಊರವರು ಉಗುಳು ತಂದ್ರೆ ನೀವೇ ಅವರನ್ನ ವಾಪಸ್ ಕಳಿಸ್ತೀರಿ. ಇದನ್ನ ಯಂತ್ರಕ್ಕೆ ಹಾಕಿ ಇಲ್ಲ ಅಂತ ಬಂದ್ರೆ ನಿಮ್ಗೆ ಸಮಾಧಾನ ಆಗ್ತದಾ?"

ಅಮ್ಮನಿಗೆ ಬೇಕಿದ್ದದ್ದು ಅದೇ ಸಮಾಧಾನ ಎಂದು ನನಗೆ ಆಗ ಗೊತ್ತಾಯಿತು. ತಪ್ಪಾಗಿ ಉಗುಳಿದ್ದಲ್ಲ, ಗೊತ್ತಿದ್ದೇ ಉಗುಳಿದ್ದು. ಹೊರಗಿನ ಕಟ್ಟೆಗೆ ಕರೆದುಕೊಂಡು ಹೋಗಿ, ಎಷ್ಟೋ ದಿನದಿಂದ ಕಟ್ಟಿಟ್ಟ ಸಿಟ್ಟೆಲ್ಲ ಆಡಿಬಿಟ್ಟೆ. ಕೊನೆಗೆ ಅವಳು ಅಂದಳು, "ಟಿ.ಬಿ. ಇದ್ದು ಅಂತ ಬಂದ್ರೆ ಯಾರು ಬಾಗಿಲು ತೆಗೀತ್ರೇ ನಂಗೆ? ಬಾಣಂತಿ ಮನೆಗೆ ಯಾರು ಬಿಡ್ತ್ರು?"

"ಇದ್ದೂ ಗೊತ್ತಾಗ್ಲಿಲ್ಲ ಅಂತಾದ್ರೆ ನಾಳೆ ಆ ಕೂಸನ್ನ ಎತ್ಕಳ್ಳೋದು ನೀನೇ ಅಲ್ದಾ?"

ಅಮ್ಮ ಎದ್ದು ಹೋಗಿ ಹೊಸ ಡಬ್ಬಿ ಇಸಿದುಕೊಂಡು, ಕಫ ತೆಗೆಯಲೆಂದು ಬಯಲಿನಲ್ಲಿ ಬಿಟ್ಟ ಮೂಲೆಯಲ್ಲಿ ನಿಂತು ಉಸಿರೆಳೆದಳು. ಈ ಸಲ ಬಂದದ್ದು ಗಟ್ಟಿ, ಹಳದಿ. ತಾನೇ ಮುಚ್ಚಳ ಬಿಗಿದು, ಕೈ ತೊಳೆದು, ಹೆಸರಿನ ಚೀಟಿ ಸರಿ ಇದೆಯೇ ಎಂದು ಎರಡು ಸಲ ನೋಡಿ ಕೊಟ್ಟಳು.

ಮಧ್ಯಾಹ್ನದ ಮೇಲೆ ಫಲಿತಾಂಶ ಬಂತು. ಚಾಚಾರ ಕಫದಲ್ಲಿ ಕ್ಷಯದ ರೋಗಾಣು ಇರಲಿಲ್ಲ. ಅವರ ಕೆಮ್ಮಿಗೆ ಬೇರೆ ಕಾರಣ ಹುಡುಕಲು ಎದೆಯ ಎಕ್ಸ್‌ರೇ ಬರೆದುಕೊಟ್ಟರು. ಅಮ್ಮನದರಲ್ಲಿ ಇತ್ತು. ಮುಖ್ಯ ಮಾತ್ರೆಗೆ ಬಗ್ಗದ ಜಾತಿಯದಲ್ಲ ಎಂದೂ ಅದೇ ಯಂತ್ರ ಹೇಳಿತ್ತು.

ಡಾಕ್ಟರು ಗದರಲಿಲ್ಲ. ಆರು ತಿಂಗಳು, ಒಂದು ದಿನವೂ ತಪ್ಪದೆ ಮಾತ್ರೆ, ಎಲ್ಲ ಉಚಿತ, ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದರೆ ಹೆದರಬೇಡಿ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಬನ್ನಿ ಎಂದರು. ಇವನ್ನೆಲ್ಲ ಅಮ್ಮ ಬೇರೆಯವರಿಗೆ ಹೇಳಿಕೊಟ್ಟವಳೇ, ಈಗ ಹೊಸದಾಗಿ ಕೇಳುವವಳ ಹಾಗೆ ತಲೆಯಾಡಿಸಿದಳು. ತೂಕ ನೋಡಿದರು, ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆಗೆ ರಕ್ತ ತೆಗೆದರು. ನನಗೂ ಅಪ್ಪನಿಗೂ ಎಕ್ಸ್‌ರೇ. ಅದು ಸರಿಯಿದ್ದರೆ ರೋಗ ಬಾರದಂತೆ ತಡೆಯುವ ಮಾತ್ರೆ. ಡಾಕ್ಟರು ಹೇಳುವವರೆಗೆ ಅಮ್ಮ ಮನೆ ಭೇಟಿ ಮಾಡುವಂತಿಲ್ಲ.

"ಕೆಮ್ಮು ಯಾವತ್ತು ಶುರುವಾಯ್ತು?" ಎಂದು ಕೇಳಿದರು. ಅಮ್ಮ ನನ್ನ ಕಡೆ ನೋಡಿದಳು. ನಾನು ಪುಸ್ತಕ ತೆಗೆದೆ. ಆ ದಿನದಿಂದ ಈಚೆಗೆ ಅವಳು ಹೊತ್ತುಗಟ್ಟಲೆ ಕೂತ ಮನೆಗಳ ಪಟ್ಟಿ ಬೇಕಿತ್ತು, ಅದೂ ಅಲ್ಲೇ ತಯಾರಾಯಿತು. ಗೆದ್ದೆ ಎಂದು ಅನ್ನಿಸಬೇಕಿತ್ತು. ಹತ್ತು ದಿನ ಮೊದಲೇ ಇಲ್ಲಿ ಬಂದು ಕೂರಬಹುದಿತ್ತಲ್ಲ ಎಂದು ಹಲ್ಲು ಕಚ್ಚುವುದೊಂದೇ ಆಯಿತು.

ತೋಟದ ಮನೆಗೆ ನಾನು ಫೋನ್ ಮಾಡುತ್ತೇನೆ ಎಂದೆ. ಅಮ್ಮ ಫೋನ್ ಕಸಿದುಕೊಂಡಳು. ಕೂಸಿನ ಅಜ್ಜಿ ಎತ್ತಿಕೊಂಡರು. ಅಮ್ಮ ಸುತ್ತಿ ಬಳಸಲಿಲ್ಲ. ತನಗೆ ಟಿ.ಬಿ. ಇದೆ, ಎರಡು ಸಲ ಬಂದು ಕೂಸನ್ನು ಎತ್ತಿಕೊಂಡಿದ್ದೇನೆ, ಆಗಲೂ ಕೆಮ್ಮು ಇತ್ತು, ನಾಳೆ ಬೇರೆಯವರು ಬರುತ್ತಾರೆ ಎಂದು ಹೇಳಿ ಕಾದಳು. ಅತ್ತಲಿನ ದನಿ ನನಗೂ ಕೇಳಿಸುತ್ತಿತ್ತು.

"ನೀ ಕೆಮ್ಮದು ಆನು ಕೇಳಿದ್ದಿ ತಂಗಿ. ನಿಂಗೇ ಗೊತ್ತಿರ್ತು ಹೇಳಿ ಆನು ಸುಮ್ನಾದಿ."

ಅಮ್ಮ ಹಣೆ ಒತ್ತಿಕೊಂಡಳು.

"ಕೂಸಿನ ಎಲ್ಲಿ ತೋರ್ಸವು? ಅದು ಹೇಳು ಮೊದ್ಲು."

ಮಕ್ಕಳ ಡಾಕ್ಟರು ಯಾವ ಹೊತ್ತಿಗೆ ಸಿಗುತ್ತಾರೆ, ಯಾವ ಕಾರ್ಡು ತರಬೇಕು ಎಂದು ಅಮ್ಮ ಹೇಳಿದಳು. ಸೋಮವಾರ ತೋರಿಸಿದರು. ಹಾಲು ಕುಡಿಯುತ್ತಿದೆ, ತೂಕ ಏರುತ್ತಿದೆ, ರೋಗದ ಲಕ್ಷಣ ಇಲ್ಲ, ಆದರೂ ಆಗಾಗ ಕರೆತಂದು ತೋರಿಸುತ್ತಿರಿ ಎಂದರಂತೆ. ಬೇರೆ ಎರಡು ಮನೆಯವರು ಅಮ್ಮ ಇನ್ನು ಬರುವುದೇ ಬೇಡ ಎಂದರು. ಅವೂ ಪುಸ್ತಕದಲ್ಲಿವೆ.

ಈಗ ಹೊಸ ಕಾಲಂ: ಮಾತ್ರೆ. ಬೆಳಿಗ್ಗೆ ಅವಳು ನುಂಗುತ್ತಾಳೆ, ನಾನು ಗೀಟು ಹಾಕುತ್ತೇನೆ. ಮಾತ್ರೆ ಶುರುವಾಗಿ ಎರಡು ವಾರ ಮುಗಿಯುವ ಹೊತ್ತಿಗೆ ಊಟ ರುಚಿಸತೊಡಗಿತ್ತು, ಸಂಜೆಯ ಬಿಸಿ ಇರಲಿಲ್ಲ. ಮೂರು ದಿನ ಕೆಮ್ಮಿನ ಕಾಲಂ ಖಾಲಿ ಹೋಯಿತು. ನಾಲ್ಕನೇ ದಿನ ಕಾಫಿ ಸೋಸುವಾಗ ಒಂದು ಸಲ ಕೆಮ್ಮಿದಳು. ನಾನು ತಲೆಯೆತ್ತಿದೆ. ಒಗ್ಗರಣೆ ಹೊಗೆ ಎನ್ನುತ್ತಾಳೆ, ಧೂಳು ಎನ್ನುತ್ತಾಳೆ ಎಂದು ಕಾದೆ.

"ಹಳೇದೇ" ಎಂದಳು ಅಮ್ಮ, ನನ್ನ ಕಡೆ ತಿರುಗದೆ. "ಬರ್ಕ."