ಗೆಳತಿಗೆ ಬರೆದ ಮೆಮೋ

ಆ ಶುಕ್ರವಾರ ನಾನು ತಲೆಯೆತ್ತಿ ನೋಡದೆ ಇದ್ದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ನಾನು ಆಂಧ್ರದ ಗಡಿಯ ಆದೋನಿಯಲ್ಲಿ ಒಂದು ಕನ್ನಡ ಮಾಧ್ಯಮ ಶಾಲೆಯ ಹೆಡ್‌ಮಿಸ್. ನನ್ನ ಗೆಳತಿ ಕೌತಾಳಂ ಕಡೆಯ ಹಳ್ಳಿಯೊಂದರಲ್ಲಿ ಅದೇ ಕೆಲಸ ಮಾಡುವವಳು. ಟ್ರೇನಿಂಗಿನ ಕಾಲದಿಂದ ಒಂದೇ ಡಬ್ಬಿಯಲ್ಲಿ ಕೈಹಾಕಿ ಉಂಡವರು ನಾವು. ಹತ್ತನೇ ತರಗತಿಯ ಮಕ್ಕಳಿಗೆ ಬೇರೆ ಊರಲ್ಲಿ ಕೂತು ಬರೆಯುವ ರೂಢಿಯಾಗಲಿ ಎಂದು, ಸೋಮವಾರ ನನ್ನ ಮಕ್ಕಳನ್ನು ಆಕೆಯ ಶಾಲೆಗೆ ಕರೆದೊಯ್ದು ಇಬ್ಬರ ಮಕ್ಕಳಿಗೂ ಒಟ್ಟಿಗೆ ತಯಾರಿ ಪರೀಕ್ಷೆ ಕೊಡುವುದೆಂದು ಮಾತಾಗಿತ್ತು. ಕೋಣೆ ಎಷ್ಟು ದೊಡ್ಡದು, ಬೆಂಚು ಸಾಲುತ್ತವೋ ಇಲ್ಲವೋ ನೋಡಿ ಬರಲು ಹೋಗಿದ್ದೆ.

ಬೆಂಚು ಸಾಲುತ್ತಿದ್ದವು. ಅವುಗಳ ಮೇಲೆ ಸುಣ್ಣದ ಪುಡಿ ಬಿದ್ದಿತ್ತು. ಮೇಲೆ ನೋಡಿದರೆ ಸ್ಲ್ಯಾಬಿನಲ್ಲಿ ಒಂದು ಬಿರುಕು, ಬಾಗಿಲಿನಿಂದ ಹಿಡಿದು ಆಕೆಯ ಮೇಜಿನ ತನಕ. ಒಂದು ಕಡೆ ಸಿಮೆಂಟು ಉದುರಿ, ತುಕ್ಕು ಹಿಡಿದು ಉಬ್ಬಿದ ಕಬ್ಬಿಣ ಹೊರಗೆ ಕಾಣುತ್ತಿತ್ತು. ಮೂಲೆಯಲ್ಲಿದ್ದ ಕೋಲಿನಿಂದ ತಟ್ಟಿದೆ. ಪೊಳ್ಳು ಸದ್ದು ಬಂತು.

"ಏ, ಏನಿದು?" ಎಂದೆ.

"ಮಳಿಗಾಲದಾಗ ಸ್ವಲ್ಪ ಸೋರಿತ್ತು. ಏನಾಗಂಗಿಲ್ಲ ಬಿಡು," ಎಂದಳು. ಸಹಶಿಕ್ಷಕರು ಅಲ್ಲೇ ಇದ್ದರು. ಆಕೆ ನನ್ನ ಮುಖ ನೋಡಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಯೋಚನೆ. ಬಿದ್ದರೆ? ಪರೀಕ್ಷೆಯ ನಡುವೆ, ಮಕ್ಕಳೆಲ್ಲ ತಲೆ ಬಗ್ಗಿಸಿ ಬರೆಯುತ್ತಿರುವಾಗ ಬಿದ್ದರೆ? ಯಾವ ತಾಯಿಗೆ ಏನೆಂದು ಹೇಳಲಿ? ಇಳಿದ ಕೂಡಲೇ ಫೋನ್ ಮಾಡಿದೆ. "ಆಯ್ತು, ನೋಡೋಣ" ಎಂದು ಇಟ್ಟಳು. ಫೋನಿನ ಮಾತು ಗಾಳಿಗೆ ಹೋಗುತ್ತದೆ. ಆಕೆಯ ಶಾಲೆಯ ಇ-ಮೇಲ್‌ಗೆ ಬರೆದರೆ ಆಕೆ ಅದನ್ನೇ ಮಂಡಲ ಶಿಕ್ಷಣಾಧಿಕಾರಿಗೆ ಕಳಿಸಿ ಎಂಜಿನಿಯರನ್ನು ಕರೆಸಬಹುದು ಎಂದುಕೊಂಡೆ.

ಶನಿವಾರ ಸಂಜೆ ಕೂತು ಬರೆದೆ. ನಾನು ಪುಕ್ಕಲಿ. ಹೆದರಿದಾಗ ನನ್ನ ಭಾಷೆ ಇಸ್ತ್ರಿ ಹಾಕಿದ ಸೀರೆಯ ಹಾಗೆ ಸೆಟೆದುಕೊಳ್ಳುತ್ತದೆ.

"ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ತಮ್ಮ ಶಾಲಾ ಕೊಠಡಿಯ ಮೇಲ್ಛಾವಣಿಯು ಬಿರುಕು ಬಿಟ್ಟು, ತುಕ್ಕು ಹಿಡಿದ ಕಬ್ಬಿಣ ಗೋಚರಿಸುತ್ತಿದ್ದು, ತಟ್ಟಿದಲ್ಲಿ ಪೊಳ್ಳು ಶಬ್ದ ಬರುತ್ತಿದ್ದು, ಶಿಥಿಲಗೊಂಡಿರುವುದು ಶುಕ್ರವಾರದ ನನ್ನ ಖುದ್ದು ಪರಿಶೀಲನೆಯಿಂದ ಕಂಡುಬಂದಿರುತ್ತದೆ. ಈ ಬಗ್ಗೆ ತಾವು ಕೈಗೊಂಡ ಕ್ರಮವನ್ನು ಕೂಡಲೇ ತಿಳಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಯಾವುದೇ ಅನಾಹುತಕ್ಕೆ ತಾವೇ ಹೊಣೆಗಾರರಾಗಿರುತ್ತೀರಿ." ಕೆಳಗೆ: ಪ್ರತಿ, ಮಂಡಲ ಶಿಕ್ಷಣಾಧಿಕಾರಿಗಳ ಮಾಹಿತಿಗಾಗಿ.

ಬರೆದ ಮೇಲೆ ಒಂದು ಕ್ಷಣ ಧೈರ್ಯವೆನಿಸಿತು. ನಾಳೆ ಏನಾದರೂ ಆದರೆ ನಾನು ಮೊದಲೇ ಹೇಳಿದ್ದೆ ಎನ್ನಲು ಒಂದು ಆಧಾರ ಸಿಕ್ಕಿತಲ್ಲ ಎಂದು.

ನನ್ನ ಗಂಡ ತಹಸೀಲ್ದಾರ್ ಕಚೇರಿಯಲ್ಲಿ ಗುಮಾಸ್ತ. ಮೆಮೋ ಬರೆದೇ ಅವರ ಕೂದಲು ಹಣ್ಣಾಗಿದೆ. ಕನ್ನಡಕ ಏರಿಸಿ ಓದಿದರು.

"ಏಮಿಟಿ ಇದು? ಯಾರನ್ನ ಸಸ್ಪೆಂಡ್ ಮಾಡಾಕ ಹೊಂಟೀರಿ, ಮೇಡಂ?"

"ಚೇಷ್ಟೆ ಮಾಡಬ್ಯಾಡ್ರಿ. ನನಗ ಜೀವ ಹೋಗಾಕತ್ತೈತಿ."

"ಅದಕ್ಕs ಹೇಳ್ತೀನಿ ಕೇಳು. 'ಪ್ರತಿ' ಅಂತ ಒಂದು ಸಾಲು ಕೆಳಗ ಕಂಡ್ರ ನಮ್ಮ ಆಫೀಸಿನಾಗ ಯಾರೂ ಮ್ಯಾಲಿಂದು ಓದಂಗಿಲ್ಲ. ಮೊದಲು ತಮ್ಮ ನೌಕರಿ ಉಳಿಸ್ಕೋತಾರ. ಆಕಿ ಈ ಬಿರುಕು ಯಾಕ ಮುಚ್ಚಿಟ್ಟಾಳ, ಯೋಚ್ನೆ ಮಾಡೀಯೇನು?"

ಅದು ನನಗೆ ಗೊತ್ತಿತ್ತು. ಆಕೆಯ ಶಾಲೆಯಲ್ಲಿ ಮಕ್ಕಳು ಕಡಿಮೆ. ಕಟ್ಟಡವೂ ಸರಿಯಿಲ್ಲ ಎಂದು ಕಾಗದದ ಮೇಲೆ ಬಂದರೆ ಪಕ್ಕದ ತೆಲುಗು ಶಾಲೆಗೆ ಸೇರಿಸಿಬಿಡುತ್ತಾರೆ ಎಂಬ ಭಯ ಆಕೆಗೆ. ಅದೇ ಭಯ ನನ್ನ ಶಾಲೆಯ ಬಗ್ಗೆ ನನಗೂ ಇತ್ತು.

"ಇನ್ನೊಂದು," ಎಂದರು. "ಆಕಿ ಕುಂದ್ರೋದೆಲ್ಲಿ?"

"ಅದs ರೂಮಿನಾಗ. ಬಿರುಕಿನ ಕೆಳಗ."

ಅವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಎದ್ದು ಹೋದರು. ನಾನು ಮತ್ತೆ ಓದಿದೆ. ಕೊಠಡಿ ಇತ್ತು, ಅನಾಹುತ ಇತ್ತು, ಹೊಣೆ ಇತ್ತು. ದಿನವಿಡೀ ಆ ಬಿರುಕಿನ ಕೆಳಗೆ ಕೂರುವ ನನ್ನ ಗೆಳತಿ ಎಲ್ಲೂ ಇರಲಿಲ್ಲ. ನನಗೆ ಈಗ ಬೇರೆ ರೀತಿಯ ಹೆದರಿಕೆ ಶುರುವಾಯಿತು.

ಮೊದಲು 'ಪ್ರತಿ' ಅಳಿಸಿದೆ. 'ಹೊಣೆಗಾರರಾಗಿರುತ್ತೀರಿ' ಹೋಯಿತು. 'ಮಾನ್ಯರೇ' ತೆಗೆದು ಆಕೆಯ ಹೆಸರು, ಮುಂದೆ 'ನಮಸ್ಕಾರ' ಎಂದು ಹಾಕಿದೆ. 'ಲೇ' ಎಂದು ಬರೆಯಲು ಬೆರಳು ಹಾತೊರೆಯಿತು, ಆದರೆ ಅಧಿಕಾರಿಯ ಕಣ್ಣಿಗೂ ಬೀಳಬೇಕಾದ ಮೇಲ್ ಅದು. 'ತಾವು' ಬಿಟ್ಟು 'ನೀವು'ಗೆ ನಿಂತೆ. ವಿಷಯದ ಸಾಲು, ನೋಡಿದ ದಿನ, ಹೊರಗೆ ಕಂಡ ಕಬ್ಬಿಣ, ಪೊಳ್ಳು ಸದ್ದು, ಇವನ್ನು ಮುಟ್ಟಲಿಲ್ಲ. ಉಳಿದದ್ದು ಹೀಗಾಯಿತು:

"ಶುಕ್ರವಾರ ನಿಮ್ಮ ಹತ್ತನೇ ತರಗತಿಯ ಕೋಣೆ ನೋಡಿ ಬಂದಾಗಿನಿಂದ ನನಗೆ ಸಮಾಧಾನವಿಲ್ಲ. ಬಾಗಿಲಿನಿಂದ ನಿಮ್ಮ ಮೇಜಿನ ತನಕ ಸ್ಲ್ಯಾಬ್ ಬಿರುಕು ಬಿಟ್ಟಿದೆ, ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದೆ, ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಇಡೀ ದಿನ ಅದರ ಕೆಳಗೆ ಕೂರುವವರು ನೀವು. ದಯವಿಟ್ಟು ನಿಮ್ಮ ಮೇಜನ್ನೂ ಮಕ್ಕಳನ್ನೂ ಈಗಲೇ ಬೇರೆ ಕೋಣೆಗೆ ಸಾಗಿಸಿ. ಸೋಮವಾರದ ಪರೀಕ್ಷೆ ನಮ್ಮಲ್ಲಿ ಇಟ್ಟುಕೊಳ್ಳೋಣ. ಒಂದು ಕೋಣೆಯ ದುರಸ್ತಿ ಕೇಳುವುದು ಶಾಲೆ ಮುಚ್ಚಲು ಕಾರಣವಾಗಬಾರದು ಎಂಬ ನಿಮ್ಮ ಆತಂಕ ನನಗೂ ಇದೆ. ಎಂಜಿನಿಯರನ್ನು ಕಳಿಸಲು ಕೇಳುವ ಮನವಿಗೆ ನಾನೂ ಸಹಿ ಹಾಕುತ್ತೇನೆ. ನಾಳೆ ಸಂಜೆಯೊಳಗೆ ಒಂದು ಮಾತು ತಿಳಿಸಿ."

ಕಳಿಸಿದೆ. ಉತ್ತರವಿಲ್ಲ. ಭಾನುವಾರ ಮಧ್ಯಾಹ್ನ ಕಳೆಯಿತು, ಹೊತ್ತು ಇಳಿಯಿತು. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೂ ತಲೆಯೆತ್ತಿ ಸೂರು ನೋಡುತ್ತಿದ್ದೆ. ಮುನಿಸಿಕೊಂಡಳೇ? ನಾನು ಅಧಿಕಾರಿಗೆ ಹೇಳುತ್ತೇನೆಂದು ಹೆದರಿದಳೇ? ಆಕೆ ಒಪ್ಪದಿದ್ದರೆ ನನ್ನ ಮಕ್ಕಳನ್ನಾದರೂ ಕಳಿಸದೆ ಇರಬಹುದು. ಆಕೆಯನ್ನು ಆ ಕುರ್ಚಿಯಿಂದ ಎಬ್ಬಿಸುವುದು ಹೇಗೆ?

ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. ಆಕೆ ಅಳುತ್ತಿದ್ದಳು.

"ಮುಂಜಾನೆಯಿಂದ ಸಾಮಾನು ಎತ್ತಿಡಾಕತ್ತಿದ್ದೆ ನೋಡು. ಈಗ ಆ ರೂಮಿಗೆ ಬೀಗ ಹಾಕಿದೆ. ನಿನ್ನ ಮೇಲ್ ಮ್ಯಾಲಿನವ್ರಿಗೆ ಕಳಿಸೀನಿ. ನನಗೂ ಭಾಳ ಹೆದ್ರಿಕಿ ಇತ್ತು. ಯಾರಿಗಂತ ಹೇಳ್ಲಿ?"

ನನ್ನ ಕಣ್ಣಲ್ಲೂ ನೀರು ಬಂತು.

ಪರೀಕ್ಷೆ ನನ್ನ ಶಾಲೆಯಲ್ಲಿ ನಡೆಯಿತು. ಕೆಲವು ವಾರಗಳ ನಂತರ ಎಂಜಿನಿಯರ್ ಬಂದು ಬಾಗಿಲಲ್ಲೇ ನಿಂತು ಉದ್ದ ಸಲಾಕೆಯಿಂದ ತಿವಿದಾಗ, ಮೊದಲ ಪೆಟ್ಟಿಗೇ ಒಂದು ದೊಡ್ಡ ಚೂರು ಕೆಳಗೆ ಬಿತ್ತಂತೆ. ಆಕೆಯ ಮೇಜಿದ್ದ ಜಾಗದಲ್ಲಿ. ಶಾಲೆ ಮುಚ್ಚಲಿಲ್ಲ, ಆ ಒಂದು ಕೋಣೆ ಮಾತ್ರ ಮುಚ್ಚಿದರು.

ಮೊನ್ನೆ ಮನೆಗೆ ಬಂದಿದ್ದಳು. ಊಟವಾದ ಮೇಲೆ ನನ್ನ ಗಂಡ, "ಮೊದಲು ಬರ್ದಿದ್ದ ಮೆಮೋ ತೋರ್ಸು ಆಕಿಗೆ" ಎಂದು ಕಾಡಿದರು. ನಗುತ್ತಾಳೆಂದು ತೋರಿಸಿದೆ. ಆಕೆ ಕೊನೆಯ ಸಾಲಿನ ತನಕ ಓದಿದಳು. ನಗಲಿಲ್ಲ.

"ಇದು ಬಂದಿದ್ರ ನಾ ಅವತ್ತೇ ಉತ್ತರ ಕೊಡ್ತಿದ್ದೆ," ಎಂದಳು. "'ಯಾವುದೇ ಅಪಾಯ ಇರುವುದಿಲ್ಲ' ಅಂತ. ಆ ಬಿರುಕಿನ ಕೆಳಗs ಕುಂತು ಬರೀತಿದ್ದೆ."