ಎರಡು ಸೆಕೆಂಡಿನ ಲೋಲಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೊಸಹಳ್ಳಿ ಕಡೆಯ ನಮ್ಮ ಶಾಲೆಯಲ್ಲಿ ಇದು ಒಂದನೇ ತರಗತಿಯ ಮಕ್ಕಳಿಗೂ ಗೊತ್ತು. ಆ ವಾರ ಮಾತ್ರ ನನ್ನ ಸಿಟ್ಟೆಲ್ಲ ಲ್ಯಾಪ್‌ಟಾಪಿನ ಮೇಲಿತ್ತು.

ಏಳನೇ ತರಗತಿಗೆ ಲೋಲಕದ ಪಾಠ ಮಾಡಬೇಕಿತ್ತು. ದಾರಕ್ಕೆ ಕಟ್ಟಿದ ಕಲ್ಲು ಒಂದು ಕಡೆಯಿಂದ ಹೊರಟು, ಆಚೆ ಹೋಗಿ, ತಿರುಗಿ ಹೊರಟಲ್ಲಿಗೇ ಬಂದರೆ ಅದು ಒಂದು ಆಂದೋಲನ. ಎಷ್ಟು ಬಡಕೊಂಡರೂ ಮಕ್ಕಳು ಹೋದದ್ದನ್ನು ಒಂದು, ಬಂದದ್ದನ್ನು ಎರಡು ಎಂದೇ ಎಣಿಸುತ್ತವೆ. ನಾನು ಮಾತಾಡುವಷ್ಟು ಹೊತ್ತೂ ಹಿಂದೆ ಲ್ಯಾಪ್‌ಟಾಪಿಗೆ ಜೋಡಿಸಿದ ಟಿವಿಯಲ್ಲಿ ಅದೊಂದು ಆಂದೋಲನ ನಡೆಯುತ್ತಲೇ ಇರಬೇಕು ಅನ್ನಿಸಿತು. ವಿಡಿಯೊವನ್ನೇ ಸ್ಲೈಡಿಗೆ ಹಾಕಿದರೆ ನಮ್ಮ ಹಳೇ ಲ್ಯಾಪ್‌ಟಾಪು ಕಪ್ಪು ಚೌಕ ತೋರಿಸಿ ಸುಮ್ಮನಾಗುತ್ತಿತ್ತು. ನೆಟ್ಟಿನ ಕಥೆ ಕೇಳುವುದೇ ಬೇಡ. ಅದಕ್ಕೇ ಜಿಫ್ ಮಾಡೋಣ ಅಂದುಕೊಂಡೆ. ಜಿಫ್ ಅಂದರೆ ಚಲಿಸುವ ಚಿತ್ರ. ಫೋಟೊದ ಹಾಗೆ ಸ್ಲೈಡಿಗೆ ಅಂಟಿಸಿದರೆ ಸಾಕು, ಯಾರೂ ಒತ್ತದೆ ತಾನೇ ಓಡುತ್ತದೆ, ಮುಗಿದರೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಅದಕ್ಕೆ ದನಿ ಮಾತ್ರ ಇರುವುದಿಲ್ಲ.

ವಿಡಿಯೊ ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ವರ್ಷ ನಮ್ಮ ಶಾಲೆಯಲ್ಲೇ ವಿಜ್ಞಾನ ಮೇಳ ನಡೆದಾಗ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸರ್ ಮಕ್ಕಳ ಪ್ರಯೋಗಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದು ತಮ್ಮ ಚಾನೆಲ್ಲಿಗೆ ಹಾಕಿದ್ದರು. ಅದರಲ್ಲಿ ನಮ್ಮ ಲೋಲಕವೂ ಇತ್ತು. ಜಗಲಿಯ ಅಂಚಿಗೆ ಮೇಜು, ಮೇಜಿನ ಮೇಲೆ ತುದಿ ಹೊರಚಾಚಿದ ಮರದ ಸ್ಕೇಲು, ಸ್ಕೇಲಿನ ತುದಿಯಿಂದ ಒಂದು ಮೀಟರ್ ದಾರ, ದಾರದ ಕೊನೆಗೆ ಕಲ್ಲು. ಒಬ್ಬಳು ಕಲ್ಲು ಬಿಡುವವಳು, ಒಬ್ಬಳು ಗಡಿಯಾರ ನೋಡುವವಳು. ಸ್ಕೇಲು ಅಲುಗದಂತೆ ಅಂಗೈ ಒತ್ತಿ ಹಿಡಿದು, ಪ್ರತಿ ಆಂದೋಲನಕ್ಕೂ ಹೆಬ್ಬೆರಳು ಎತ್ತಿ ಇಳಿಸುತ್ತ ಗಟ್ಟಿಯಾಗಿ ಎಣಿಸುವವಳು ಮೂರನೆಯವಳು. ಈ ಬರಹ ಆ ಮೂರನೆಯವಳ ಕುರಿತದ್ದು.

ಅವಳ ಮನೆಯವರು ಕುರಿ ಸಾಕುವವರು. ಸುಗ್ಗಿ ಮುಗಿಯಿತೆಂದರೆ ಅಪ್ಪ ಅವ್ವ ಹಿಂಡಿನ ಸಂಗಡ ಹಡಗಲಿ ಕಡೆ, ಹೊಳೆಸಾಲಿನ ಕೊಯ್ದ ಗದ್ದೆಗಳಿಗೆ ಹೋಗುತ್ತಿದ್ದರು. ಶಾಲೆ ತಪ್ಪಬಾರದೆಂದು ಇವಳನ್ನು ದೊಡ್ಡವ್ವನ ಮನೆಯಲ್ಲಿ ಬಿಟ್ಟಿದ್ದರು. ಬಾಯಿ ಮಾತ್ರ ಜೋರು. ಮೇಳಕ್ಕೆ ತಯಾರಿ ಮಾಡಿಸುವಾಗ ನಾನು, ಕಲ್ಲು ಬಿಟ್ಟಾಗ ಸೊನ್ನೆ ಅನ್ನಬೇಕು, ಹೋಗಿ ಬಂದ ಮೇಲೆ ಒಂದು ಅನ್ನಬೇಕು ಎಂದು ಹತ್ತು ಸಲ ಹೇಳಿದ್ದೆ. ಕಲ್ಲು ಬಿಟ್ಟ ಕೂಡಲೇ ಅವಳು "ಲಾಭ" ಅನ್ನುತ್ತಿದ್ದಳು. ಆಮೇಲೆ ಎರಡು, ಮೂರು.

ನಮ್ಮ ಕಡೆ ಜೋಳ ಅಳೆಯುವವರು ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅವಳ ಅವ್ವ ಸಂಜೆ ಕುರಿ ಎಣಿಸುವುದೂ ಹಾಗೆಯೇ ಅಂತೆ. ಜೋಳಕ್ಕೆ ಅದು ಸರಿ. ಲೋಲಕಕ್ಕೆ ಬಿಟ್ಟ ಕ್ಷಣವನ್ನೇ ಒಂದೆಂದು ಹಿಡಿದರೆ ಇಪ್ಪತ್ತು ಎನ್ನುವಾಗ ಆಗಿರುವುದು ಹತ್ತೊಂಬತ್ತೇ ಆಂದೋಲನ. ಲೆಕ್ಕ ಕೆಡುತ್ತದೆ.

"ಲೇ, ಸೊನ್ನೆ ಅನ್ನು ಅಂದ್ರ ತಿಳಿಯಂಗಿಲ್ಲೇನು ನಿನಗ?"

"ಸೊನ್ನಿ ಅಂತ ಹೆಂಗ ಶುರು ಮಾಡ್ಲಿ ಟೀಚರ್? ಏನೂ ಇಲ್ಲ ಅಂದಂಗ ಆಗ್ತೈತಿ. ನಮ್ಮವ್ವ ಬೈತಾಳ."

ಮೇಳದ ದಿನವೂ ಅದೇ ಹಾಡು. ಕ್ಯಾಮೆರಾ ನೋಡಿ ಹಲ್ಲು ಕಿರಿದು, "ಲಾಭ!" ಎಂದು ಜಗಲಿ ಹಾರಿಹೋಗುವಂತೆ ಕೂಗಿದಳು. ವಿಡಿಯೊದಲ್ಲಿ ಹಿಂದೆ ಯಾರೋ ಕಿಸಕ್ಕೆಂದು ನಕ್ಕದ್ದೂ ಕೇಳುತ್ತಿತ್ತು.

ಆ ವಿಡಿಯೊವನ್ನು ಇಳಿಸಿಕೊಂಡೆ. ವಿಡಿಯೊ ಕೊಟ್ಟರೆ ಜಿಫ್ ಮಾಡಿಕೊಡುವ ಒಂದು ಸೈಟಿಗೆ ನನ್ನ ಮೊಬೈಲಿನ ನೆಟ್ಟಿನಲ್ಲೇ ಏರಿಸಿದೆ. ಎಲ್ಲಿಂದ ಎಲ್ಲಿಯವರೆಗೆ ಬೇಕು ಎಂದು ಸೆಕೆಂಡುಗಳನ್ನು ತುಂಬಬೇಕು. ಮೊದಲು ಕಲ್ಲು ಆಚೆ ಹೋಗುವವರೆಗೆ ಮಾತ್ರ ಕತ್ತರಿಸಿದೆ. ಓಡಿಸಿ ನೋಡಿದರೆ ಕಲ್ಲು ಆಚೆ ಹೋಗಿ, ಮಾಯವಾಗಿ, ಈಚೆ ಪ್ರತ್ಯಕ್ಷವಾಗುತ್ತಿತ್ತು. ಇಂಥದ್ದನ್ನು ತೋರಿಸಿದರೆ ಪಾಠದ ಗತಿ ಅಷ್ಟೇ. ಆಮೇಲೆ ಹೋಗಿ ಬರುವ ಪೂರ್ತಿ ಎರಡು ಸೆಕೆಂಡು ಹಿಡಿದೆ. ಆಗಲೂ ಕೂಡುವ ಜಾಗದಲ್ಲಿ ಕಲ್ಲು ಚೂರು ತಡೆಯುತ್ತಿತ್ತು, ಏಕೆಂದರೆ ಕೊನೆಯ ಚಿತ್ರವೂ ಮೊದಲ ಚಿತ್ರವೂ ಒಂದೇ ಆಗಿ ಎರಡೆರಡು ಸಲ ಬರುತ್ತಿದ್ದವು. ಕೊನೆಯದೊಂದನ್ನು ತೆಗೆದೆ. ಸೆಕೆಂಡಿಗೆ ಹತ್ತು ಚಿತ್ರ, ಒಟ್ಟು ಇಪ್ಪತ್ತು. ಎಲ್ಲಿ ಕೂಡಿದೆ ಎಂದು ನನಗೇ ಗೊತ್ತಾಗದಷ್ಟು ನುಣ್ಣಗೆ ಓಡಿತು.

ಇನ್ನು ಉಳಿದದ್ದು ಅವಳ ಮುಖ. ದನಿಯಿಲ್ಲದೆ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದಳು. ಹುಡುಗರು ಕಲ್ಲನ್ನು ನೋಡುವುದು ಬಿಟ್ಟು ಅವಳ ಬಾಯಿ ನೋಡಿ ನಗುತ್ತಾರೆ, ನನ್ನ ಪಾಠ ಹಾಳು. ಕ್ರಾಪ್ ಚೌಕವನ್ನು ಮೇಲಿನಿಂದ ಕೆಳಗೆ ಎಳೆದೆ. ಮುಖ ಹೋಯಿತು, ಹೆಗಲು ಹೋಯಿತು. ಸ್ಕೇಲು ಒತ್ತಿದ ಅಂಗೈ, ಮಣಿಕಟ್ಟಿನಲ್ಲಿ ಒಂದು ಉಣ್ಣೆಯ ದಾರ, ಕೆಳಗೆ ತೂಗುವ ಕಲ್ಲು, ಅಷ್ಟು ಉಳಿಯಿತು. ಕಡತವೂ ಹಗುರಾಯಿತು. ಜಿಫ್‌ನಲ್ಲಿ ಬಣ್ಣ ಕಡಿಮೆ, ಮಣಿಕಟ್ಟಿನ ಕೆಂಪು ದಾರ ಕಂದು ಬಣ್ಣವಾಗಿ ಕಂಡಿತು. ಲ್ಯಾಪ್‌ಟಾಪು ಜಾಗವಿಲ್ಲವೆಂದು ಗೋಳಿಡುತ್ತಿತ್ತು. ಇಳಿಸಿಕೊಂಡ ವಿಡಿಯೊವನ್ನು ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿದೆ. ಹೇಗೂ ಚಾನೆಲ್ಲಿನಲ್ಲಿ ಇದೆಯಲ್ಲ ಅಂದುಕೊಂಡೆ.

ಪಾಠ ಚೆನ್ನಾಗಿಯೇ ಆಯಿತು. ಎಂಟನೇ ತರಗತಿಗೆ ಹೋಗಿದ್ದ ಆ ಹುಡುಗಿ ಸೀಮೆಸುಣ್ಣ ಕೇಳುವ ನೆಪ ಮಾಡಿ ಬಂದು ಬಾಗಿಲಲ್ಲಿ ನಿಂತು ಟಿವಿ ನೋಡಿದಳು.

"ನನ್ನ ಮಾರಿ ಎಲ್ಲಿ ಹೋತು ಟೀಚರ್?"

"ಪಾಠಕ್ಕ ನಿನ್ನ ಮಾರಿ ಯಾಕ ಬೇಕು? ಹೋಗು, ಹೋಗು."

"ಮಾತೂ ಇಲ್ಲ."

"ತಪ್ಪು ಎಣಿಸಿದ್ದನ್ನ ಇವರಿಗೆ ಕೇಳಿಸ್ಲೇನು?"

ಇಡೀ ತರಗತಿ ನಕ್ಕಿತು. ಅವಳೂ ನಕ್ಕಳು, ಸೀಮೆಸುಣ್ಣ ತೆಗೆದುಕೊಳ್ಳದೆ ಹೊರಟುಹೋದಳು. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ. ಇವತ್ತಿಗೂ ಆ ಮಾತು ನನ್ನ ಕಿವಿಯಲ್ಲೇ ಇದೆ.

ಅದಾಗಿ ಕೆಲವು ತಿಂಗಳಿಗೆ ಅವಳಿಗೆ ಜ್ವರ ಬಂತು. ಎರಡು ದಿನ ಶಾಲೆಗೆ ಬರಲಿಲ್ಲ, ನಾನು ಹಾಜರಿಯಲ್ಲಿ ಗೈರು ಹಾಕಿ ಸುಮ್ಮನಿದ್ದೆ. ಕೂಡ್ಲಿಗಿಗೆ ಕರೆದೊಯ್ದರು, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಒಯ್ದರು. ವಾರವೂ ಆಗಲಿಲ್ಲ, ಹುಡುಗಿ ಹೋಗಿಬಿಟ್ಟಳು. ಅವಳ ಜಾಗದಲ್ಲಿ ಬೇರೆ ಯಾರೂ ಕೂರದೆ ಬೆಂಚಿನ ಆ ತುದಿ ಎಷ್ಟೋ ದಿನ ಖಾಲಿ ಇತ್ತು.

ತಿಂಗಳು ಕಳೆದ ಮೇಲೆ ಅವಳ ಅವ್ವ ಶಾಲೆಗೆ ಬಂದಳು. ಮಧ್ಯಾಹ್ನದ ಊಟ ಮುಗಿದಿತ್ತು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಒಳಗೆ ಬಾರದೆ ನಿಂತಳು.

"ಬರ್ರವ್ವಾ, ಒಳಗ ಬರ್ರಿ," ಅಂದೆ.

"ಅಕ್ಕಾರ, ನಮ್ಮ ಹುಡುಗಿ ನಿಮ್ಮ ಟಿವ್ಯಾಗ ಬರ್ತಾಳಂತ. ಎಣಿಸ್ತಾಳಂತ. ಅವರ ದೊಡ್ಡವ್ವನ ಮಗ ಹೇಳಿದ. ನಾ ಕುರಿ ಬಿಟ್ಟು ಬರೋದ್ರೊಳಗ ಆಕಿ ಮಾತು ನಿಂತಿತ್ತು ರೀ. ಫೋಟೊ ಒಂದೈತಿ, ಸಣ್ಣಾಕಿದ್ದಾಗ ಆಧಾರಕ್ಕ ತಗದದ್ದು. ದನಿ ಎಲ್ಲೂ ಇಲ್ಲ. ಒಂದ್ಸಲ ಕೇಳಸ್ರಿ, ಹೋಗ್ತೀನಿ."

ಕೈ ಹಿಡಿದು ಒಳಗೆ ಕರೆತಂದೆ. ಕೂರಿಸಿ, ನೀರು ಕೊಟ್ಟು, ಮೊಬೈಲು ತೆಗೆದು ಚಾನೆಲ್ಲು ಹುಡುಕಿದೆ. ಸಿಗಲಿಲ್ಲ. ಸಿಆರ್‌ಪಿ ಸರ್‌ಗೆ ಫೋನು ಮಾಡಿದೆ. ಅವರು ಆಗಲೇ ಹರಪನಹಳ್ಳಿ ಕಡೆ ವರ್ಗವಾಗಿ ಹೋಗಿದ್ದರು. ಮಕ್ಕಳ ಮುಖಗಳನ್ನು ಹೀಗೆ ಊರಿಗೆಲ್ಲ ತೋರಿಸುವುದು ಸರಿಯಲ್ಲ ಎಂದು ಯಾರೋ ಅಂದರಂತೆ, ಚಾನೆಲ್ಲನ್ನೇ ತೆಗೆದುಹಾಕಿದ್ದರು. ಹಳೇ ಮೊಬೈಲು ಮಳೆಯಲ್ಲಿ ನೆನೆದು ಸತ್ತಿತ್ತು. "ನಿಮ್ಮ ಹತ್ರನೇ ಒಂದು ಕಾಪಿ ಇರಬೇಕಲ್ರಿ ಮೇಡಂ?" ಎಂದರು. ಲ್ಯಾಪ್‌ಟಾಪು ತೆರೆದು ಇದ್ದಬದ್ದ ಕಡತವನ್ನೆಲ್ಲ ಜಾಲಾಡಿದೆ. ಆ ಸೈಟಿಗೂ ಹೋದೆ. ಏರಿಸಿದ ವಿಡಿಯೊವನ್ನು ಕೆಲವು ಗಂಟೆ ಮಾತ್ರ ಇಟ್ಟುಕೊಳ್ಳುತ್ತೇವೆ ಎಂದು ಅಲ್ಲಿ ಬರೆದಿತ್ತು. ಅಷ್ಟು ಹೊತ್ತೂ ಆಕೆ ನನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

ಕೊನೆಗೆ ಇದ್ದದ್ದೊಂದನ್ನು ತೆರೆದೆ. ಟಿವಿಯಲ್ಲಿ ಕಲ್ಲು ತೂಗತೊಡಗಿತು.

ಆಕೆ ಎದ್ದು ಟಿವಿಯ ಹತ್ತಿರ ಹೋದಳು. "ಈ ದಾರ ನಾ ಕಟ್ಟಿದ್ದು," ಅಂದಳು. "ನಮ್ಮ ಕುರಿ ಉಣ್ಣೆದು. ಕೆಂಪಿತ್ತು ಇದು." ಸ್ವಲ್ಪ ಹೊತ್ತು ಕಾದಳು. ಅಂಗೈ ಇತ್ತು, ಕಲ್ಲು ಇತ್ತು.

"ಮಾರಿ ಯಾವಾಗ ಬರ್ತೈತ್ರಿ?"

"ಮಾರಿ ಇಲ್ಲವ್ವಾ. ನಾನ ತಗದೀನಿ."

"ದನಿ?"

"ಇದಕ್ಕ ದನಿ ಬರಂಗಿಲ್ಲ. ಅದನ್ನೂ ನಾನ ಬಿಟ್ಟೀನಿ. ಪಾಠಕ್ಕ ಬೇಡ ಅಂತ..." ಆಕೆ ಬೈದಿದ್ದರೆ, ಎರಡೇಟು ಹಾಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಟಿವಿಯಲ್ಲಿ ಎತ್ತಿ ಇಳಿಯುತ್ತಿದ್ದ ಹೆಬ್ಬೆರಳಿನ ಕಡೆ ಬೆರಳು ತೋರಿಸಿದಳು.

"ಇದೇನ ಮಾಡ್ತಾಳ ಇಲ್ಲಿ?"

"ಎಣಿಸ್ತಾಳವ್ವಾ. ಕಲ್ಲು ಒಂದ್ಸಲ ಹೋಗಿ ಬಂದ್ರ ಒಂದ್ಸಲ ಬೆರಳು ಎತ್ತತಾಳ."

"ಏನಂತ ಎಣಿಸಿದ್ಲು? ನೀವು ಕೇಳೀರಲ್ಲ, ಹೇಳ್ರಿ."

ಅಂದು ಜಗಲಿಯ ಮೇಲೆ ಯಾವ ಮಾತಿಗೆ ಅಷ್ಟು ರೇಗಿದ್ದೆನೋ ಅದೇ ಮಾತು ಈಗ ನಾನೇ ಆಡಬೇಕಾಯಿತು. "ಲಾಭ ಅಂದ್ಲು. ಸೊನ್ನೆ ಅನ್ನು ಅಂದ್ರೂ ಕೇಳಲಿಲ್ಲ. ಅವ್ವ ಬೈತಾಳ ಅಂದ್ಲು."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಗಲು ಅಲುಗುತ್ತಿತ್ತು. ನಾನು ಎದ್ದು ಹತ್ತಿರ ಹೋಗುವಷ್ಟರಲ್ಲಿ ಸೆರಗು ತೆಗೆದು, ಟಿವಿಯ ಗಾಜಿಗೆ ಒಂದು ಬೆರಳು ಇಟ್ಟು, ಹೆಬ್ಬೆರಳು ಎದ್ದ ಹೊತ್ತಿಗೆ ಸರಿಯಾಗಿ ಅಂದಳು, "ಲಾಭ." ಕಲ್ಲು ಹೋಗಿ ಬಂತು. "ಎರಡು." ಹೋಗಿ ಬಂತು. "ಮೂರು." ಕುರಿ ಎಣಿಸುವ ದನಿಯಲ್ಲಿ, ಅವಸರವಿಲ್ಲದೆ, ಒಂದೂ ತಪ್ಪದೆ ಎಣಿಸಿದಳು. ಇಪ್ಪತ್ತಾಯಿತು, ನಿಲ್ಲಿಸಲಿಲ್ಲ. ನಲವತ್ತಾಯಿತು. ಗಂಟೆ ಬಾರಿಸಿತು, ಏಳನೇ ತರಗತಿಯ ಮಕ್ಕಳು ಬಾಗಿಲಿಗೆ ಬಂದು, ಒಳಗೆ ನೋಡಿ, ಅಲ್ಲೇ ನಿಂತವು. ಆಕೆಯ ದನಿ ಒಡೆಯತೊಡಗಿತ್ತು.

ನಾನು ಮೌಸಿಗೆ ಕೈ ಹಾಕಿದೆ. "ಬಂದ್ ಮಾಡ್ಲೇನವ್ವಾ?"

"ಬ್ಯಾಡ್ರಿ ಅಕ್ಕಾರ," ಅಂದಳು, ಟಿವಿಯಿಂದ ಕಣ್ಣು ತೆಗೆಯದೆ. "ಆಕಿ ಇನ್ನಾ ಎಣಿಸಾಕ ಹತ್ಯಾಳ."