ಒಂದು ಎನ್‌ಕ್ವಯರಿಗೆ ಮುನ್ನೂರು ರೂಪಾಯಿ

ನಾನು ಹುಟ್ಟು ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಕೈಯಲ್ಲಿದ್ದ ಲೋಟ ಕೆಳಗಿಡುವವಳು. ಇಂಥವಳ ಕೈಗೆ ಒಂದು ಕ್ಲಿನಿಕ್ಕಿನ ಜಾಹೀರಾತನ್ನು ಕೊಟ್ಟದ್ದು ಯಾರ ತಪ್ಪು ಎಂದು ಈಗಲೂ ಕೆಲವೊಮ್ಮೆ ಯೋಚಿಸುತ್ತೇನೆ.

ಮಣಿಪಾಲದಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳಿಗೆ ರಟ್ಟು ಹಾಕುವ ಅಂಗಡಿಯೊಂದರಲ್ಲಿ ನಾನು ಹದಿನಾರು ವರ್ಷ ಕೆಲಸ ಮಾಡಿದೆ. ಮಕ್ಕಳೆಲ್ಲ ಪ್ರಬಂಧವನ್ನು ಕಂಪ್ಯೂಟರಿನಲ್ಲೇ ಒಪ್ಪಿಸತೊಡಗಿದ ಮೇಲೆ ಆ ಅಂಗಡಿ ಮುಚ್ಚಿತು. ನಲವತ್ತೇಳನೆಯ ವಯಸ್ಸಿನಲ್ಲಿ ಹೊಸ ಕೆಲಸ ಹುಡುಕುವ ಗ್ರಹಚಾರ. ಆಗ ಸಿಕ್ಕಿದ್ದು ಕಾರ್ಕಳದ ಕಿವಿ ಪರೀಕ್ಷೆಯ ಕೋಣೆ. ಅದರ ಮೇಡಂ ಶ್ರವಣ ತಜ್ಞೆ. ಅವರ ಮುಖ್ಯ ಕ್ಲಿನಿಕ್ ಉಡುಪಿಯಲ್ಲಿ, ಅಂಬಲಪಾಡಿಯ ಹತ್ತಿರ. ಕಾರ್ಕಳಕ್ಕೆ ಅವರು ಗುರುವಾರ ಮತ್ತು ಶನಿವಾರ ಮಾತ್ರ ಬರುತ್ತಿದ್ದರು. ಉಳಿದ ದಿನ ನಾನು, ಒಂದು ಮೇಜು, ಕ್ಲಿನಿಕ್ಕಿನ ಮೊಬೈಲು. ಉಡುಪಿಯಲ್ಲಿ ಮೇಜಿಗೆ ಬೇರೆಯವರಿದ್ದರು. ಈ ಕೋಣೆ ಮುಚ್ಚಿದರೆ ನನ್ನ ಕೆಲಸವೂ ಮುಚ್ಚಿದಂತೆಯೇ.

ಮುಚ್ಚುವ ಮಾತು ಆರು ತಿಂಗಳಲ್ಲೇ ಬಂತು. ಜನ ಸಾಲುತ್ತಿರಲಿಲ್ಲ. ಕೊನೆಯ ಪ್ರಯತ್ನ ಎಂದು ಮೇಡಂ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತು ಹಾಕಲು ಹೊರಟರು. "ಕೋಣೆ ನಡೆಯಬೇಕಾದರೆ ತಿಂಗಳಿಗೆ ಹನ್ನೆರಡು ಹೊಸ ಜನ ಬೇಕು" ಎಂದರು. "ಮೆಸೇಜು ಮಾಡಿ ಕೇಳುವವರಲ್ಲಿ ಮೂವರಿಗೆ ಒಬ್ಬರು ಬರ್ತಾರೆ ಅಂತ ಇಟ್ಟುಕೊಳ್ಳುವ. ಅಂದರೆ ಮೂವತ್ತಾರು ಎನ್‌ಕ್ವಯರಿ. ಒಂದು ಎನ್‌ಕ್ವಯರಿಗೆ ಎಷ್ಟು ಬೀಳ್ತದೆ ಅಂತ ಮೊದಲು ನೋಡಬೇಕು. ಸುಮ್ಮನೆ ಬಾಯಿಗೆ ಬಂದಷ್ಟು ಬಜೆಟ್ ಹೇಳಿದರೆ ಆಗುದಿಲ್ಲ."

ಮೊದಲ ಜಾಹೀರಾತನ್ನು ಬರೆದವಳು ನಾನು: "ನಿಮಗೆ ಕಿವಿ ಕೇಳುವುದಿಲ್ಲವೇ?" ಅದನ್ನು ಫೇಸ್‌ಬುಕ್ ಕಂಪನಿಯವರು ತಿರಸ್ಕರಿಸಿದರು. ಓದುವವರ ಕಾಯಿಲೆಯನ್ನು ಹೀಗೆ ನೇರ ಬೆರಳಿಟ್ಟು ಹೇಳುವ ಹಾಗಿಲ್ಲವಂತೆ. ಪೊಲೀಸರು ಬಂದೇ ಬಿಡುತ್ತಾರೆ ಎಂದು ನಾನು ಆ ದಿನ ಮಧ್ಯಾಹ್ನ ಊಟ ಬಿಟ್ಟೆ. ಮೇಡಂ ನಕ್ಕು ಅದನ್ನು ತಿದ್ದಿದರು: "ಮನೆಯಲ್ಲಿ ಅಮ್ಮ ಟಿ.ವಿ. ಜೋರಾಗಿ ಇಡುತ್ತಾರಾ? ಕಿವಿ ಪರೀಕ್ಷೆ, ಕಾರ್ಕಳದಲ್ಲೇ." ಕೆಳಗೊಂದು ಗುಂಡಿ. ಒತ್ತಿದರೆ ನಮ್ಮ ವಾಟ್ಸಾಪಿಗೆ ಮೆಸೇಜು ಬರುತ್ತದೆ. ಕಾರ್ಕಳದ ಸುತ್ತ ಇಪ್ಪತ್ತೈದು ಕಿಲೋಮೀಟರಿನ ಒಳಗಿದ್ದವರಿಗೆ ಮಾತ್ರ ಕಾಣುವಂತೆ ಇಟ್ಟೆವು.

ಹತ್ತು ದಿನದ ಪರೀಕ್ಷೆಗೆ ದಿನಕ್ಕೆ ಇನ್ನೂರರಂತೆ ಎರಡು ಸಾವಿರ ಖರ್ಚಾಯಿತು. ತೆರಿಗೆ ಬೇರೆ, ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಹನ್ನೆರಡು ಎನ್‌ಕ್ವಯರಿ ಬಂದವು. ಒಂದಕ್ಕೆ ನೂರ ಅರವತ್ತೇಳು ರೂಪಾಯಿ. ಅದೇ ದರದಲ್ಲಿ ಮೂವತ್ತಾರಕ್ಕೆ ಆರು ಸಾವಿರ. ಹೀಗೆ ತಿಂಗಳ ಬಜೆಟ್ ಆರು ಸಾವಿರ ಎಂದಾಯಿತು. "ಒಂದು ಎನ್‌ಕ್ವಯರಿಗೆ ಇನ್ನೂರೈವತ್ತರವರೆಗೆ ತಡಕೊಳ್ಳಬಹುದು" ಎಂದರು ಮೇಡಂ. "ಅಂದರೆ ಬಂದ ಒಬ್ಬರಿಗೆ ಏಳುನೂರೈವತ್ತು. ಅದಕ್ಕಿಂತ ಮೇಲೆ ಹೋದರೆ ಬಾಡಿಗೆ ಕೊಟ್ಟು ಈ ಕೋಣೆ ಇಡುದರಲ್ಲಿ ಅರ್ಥ ಇಲ್ಲ." ಆ ಪರೀಕ್ಷೆಯ ಹತ್ತು ದಿನ ಮೊಬೈಲು ಮೇಡಮರ ಕೈಯಲ್ಲೇ ಇತ್ತು. ಆಮೇಲೆ ನನ್ನ ಕೈಗೆ ಬಂತು.

ಅಲ್ಲಿಂದ ನನ್ನ ನರಕ ಶುರು. ಮೊಬೈಲು ಟಿಣ್ ಎಂದರೆ ಎದೆ ಹಾರುತ್ತಿತ್ತು, ಅನ್ನದಿದ್ದರೆ ಇನ್ನೂ ಜಾಸ್ತಿ. ಒಂದು ಗಂಟೆ ಯಾರೂ ಕೇಳದೆ ಹೋದರೆ ಎಂಟು ರೂಪಾಯಿ ನೀರಲ್ಲಿ ಹೋಯಿತು ಎಂದು ಲೆಕ್ಕ ಹಾಕುತ್ತಾ ಕೂರುತ್ತಿದ್ದೆ. ಅದರ ನಡುವೆ ಹೊರದೇಶದ ನಂಬರುಗಳು ಬರತೊಡಗಿದವು. ಪ್ಲಸ್ ಒಂಬೈನೂರ ಎಪ್ಪತ್ತೊಂದು, ಪ್ಲಸ್ ಒಂಬೈನೂರ ಅರವತ್ತಾರು. "ಹಲೋ, ಈ ಬಗ್ಗೆ ಮಾಹಿತಿ ಬೇಕು" ಎಂದು ಎಲ್ಲವೂ ಒಂದೇ ಮಾತು. ಅದು ಗುಂಡಿ ಒತ್ತಿದಾಗ ತಾನಾಗಿ ಬರುವ ವಾಕ್ಯ ಎಂದು ಗೊತ್ತಿದ್ದರೂ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿಡುತ್ತಿದ್ದೆ.

ಕಾರಣ ಇತ್ತು. ಕಾಪುವಿನಲ್ಲಿರುವ ನನ್ನ ಅಕ್ಕನಿಗೆ ಹಿಂದಿನ ವರ್ಷ ಹೀಗೇ ಒಂದು ಹೊರದೇಶದ ನಂಬರಿನಿಂದ ಕರೆ ಬಂದಿತ್ತು. ನಿಮ್ಮ ಹೆಸರಲ್ಲಿ ಪಾರ್ಸೆಲ್ ಉಂಟು, ಅದರಲ್ಲಿ ಮಾದಕ ವಸ್ತು ಉಂಟು ಎಂದು ಹೆದರಿಸಿ, ಅವಳನ್ನು ಇಡೀ ಬೆಳಿಗ್ಗೆ ಫೋನಿನ ಮುಂದೆ ಕೂರಿಸಿ, ಅವಳ ಬ್ಯಾಂಕಿನಲ್ಲಿದ್ದುದನ್ನೆಲ್ಲ ಗುಡಿಸಿಕೊಂಡಿದ್ದರು. ಅವಳು ಆಮೇಲೆ ವಾರಗಟ್ಟಲೆ ಬಾಗಿಲ ಚಿಲಕ ತೆಗೆಯಲಿಲ್ಲ. ಕ್ಲಿನಿಕ್ಕಿನ ಹಣ ನನ್ನ ಕೈಯಿಂದ ಹಾಗೆ ಹೋದರೆ? ನಾನು ಆ ನಂಬರುಗಳನ್ನು ಒಂದೊಂದಾಗಿ ಬ್ಲಾಕ್ ಮಾಡಿದೆ. ಮೇಡಂಗೆ ಹೇಳಲಿಲ್ಲ. ಹೇಳಿದರೆ ಇಷ್ಟಕ್ಕೂ ಹೆದರುತ್ತಾಳೆ ಎಂದು ಬೈಯುತ್ತಾರೆ ಎಂಬುದು ಇನ್ನೊಂದು ಹೆದರಿಕೆ.

ತಿಂಗಳ ಕೊನೆಗೆ ಕಂಪನಿಯ ಲೆಕ್ಕದಲ್ಲಿ ಮೂವತ್ತಾರು ಮಾತುಕತೆ ಎಂದಿತ್ತು. ನನ್ನ ಪುಸ್ತಕದಲ್ಲಿ ಇಪ್ಪತ್ತು. ನಾಲ್ವರು ಕೈತಪ್ಪಿ ಒತ್ತಿದವರು, ಕೆಲಸ ಖಾಲಿ ಉಂಟಾ ಎಂದು ಕೇಳಿದವರು. ಉಳಿದ ಹನ್ನೆರಡು "ಮೋಸದ ನಂಬರು" ಎಂದು ಹೇಳಿದೆ. ಮೇಡಂ ನನ್ನ ಮಾತನ್ನು ನಂಬಿದರು. ನಂಬಿದ್ದೇ ಕಷ್ಟವಾಯಿತು. ಆರು ಸಾವಿರವನ್ನು ಇಪ್ಪತ್ತರಿಂದ ಭಾಗಿಸಿದರೆ ಮುನ್ನೂರು. ಬಂದ ಹೊಸಬರು ಏಳೇ ಜನ.

"ಆಗುದಿಲ್ಲ ಇದು" ಎಂದು ಮೇಡಂ ಕನ್ನಡಕ ತೆಗೆದಿಟ್ಟರು. ಕೋಣೆ ಬಿಡುತ್ತೇವೆ ಎಂದು ಮಾಲೀಕರಿಗೆ ಕೊಡುವ ಪತ್ರ ಬರೆದರು. ಮುಂದಿನ ಗುರುವಾರ ಸಂಜೆ ಮಾಲೀಕರು ಬಂದಾಗ ಕೊಡುವುದೆಂದಾಯಿತು.

ಆ ಗುರುವಾರ ಹನ್ನೊಂದು ಗಂಟೆಗೆ ಬಜಗೋಳಿ ಕಡೆಯ ಬಸ್ಸಿಳಿದು ಒಬ್ಬರು ಅಮ್ಮ ಒಬ್ಬರೇ ಬಂದರು. ಎಪ್ಪತ್ತರ ಮೇಲೆ ವಯಸ್ಸು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು. ಏನು ಕೇಳಿದರೂ ನಗುತ್ತಾ ತಲೆಯಾಡಿಸಿದರು. ಹೆಸರು ಕೇಳಿದರೆ "ಊಟ ಆಯಿತು" ಎಂದರು. ಕೊನೆಗೆ ತಮ್ಮ ಮೊಬೈಲಿನಲ್ಲಿ ವಿಡಿಯೋ ಕರೆ ಮಾಡಿ ನನ್ನ ಕೈಗೆ ಕೊಟ್ಟರು. ಆಚೆ ನರ್ಸಿನ ಉಡುಪಿನಲ್ಲಿ ಅವರ ಮಗಳು.

"ಮೇಡಂ, ನಾನು ಅಬುಧಾಬಿಯಿಂದ. ನಿಮಗೆ ಮೂರು ಸಲ ಮೆಸೇಜು ಹಾಕಿದ್ದೆ. ಮೊದಲನೆಯದು ಮುಟ್ಟಿತು, ಆಮೇಲಿನ ಎರಡಕ್ಕೂ ಒಂದೇ ಟಿಕ್ ಬಂದು ನಿಂತಿತ್ತು. ಆಗ ನಾನು ಊರಲ್ಲೇ ಇದ್ದೆ, ರಜೆಯಲ್ಲಿ. ವಾಟ್ಸಾಪು ಮಾತ್ರ ಇಲ್ಲಿಯ ನಂಬರಿನಲ್ಲೇ ಇರುದಲ್ವಾ? ಅಮ್ಮನನ್ನು ನಾನೇ ಕರಕೊಂಡು ಬರುವ ಅಂತ ಒಂಬತ್ತು ದಿನ ಕಾದೆ. ರಜೆ ಮುಗಿಯಿತು. ಈಗ ಒಬ್ಬರನ್ನೇ ಕಳಿಸಿದೆ. ನೋಡ್ತೀರಲ್ಲಾ?"

ಹನ್ನೆರಡು ನಂಬರುಗಳೂ ಕಣ್ಣ ಮುಂದೆ ಬಂದು ಸಾಲಾಗಿ ನಿಂತವು. ಈ ಊರಲ್ಲಿ ಯಾವ ಮನೆಯಿಂದ ಒಬ್ಬರು ಗಲ್ಫಿನಲ್ಲಿ ಇಲ್ಲ? ಕಿವಿ ಕೇಳದ ಅಮ್ಮ ತಾನೇ ಮೆಸೇಜು ಮಾಡುತ್ತಾರೆಯೇ? ನಾವು ಕೇಳಿದ್ದೇ ಮಕ್ಕಳನ್ನು, "ಮನೆಯಲ್ಲಿ ಅಮ್ಮ" ಎಂದು. ಉತ್ತರ ಕೊಟ್ಟ ಮಕ್ಕಳ ಮುಖಕ್ಕೆ ನಾನು ಬಾಗಿಲು ಹಾಕಿದ್ದೆ.

ಮೇಡಂ ಒಳಗೆ, ಹೊರಗಿನ ಸದ್ದು ಬಾರದ ಹಾಗೆ ಮಾಡಿದ ಕಿವಿ ಪರೀಕ್ಷೆಯ ಗೂಡಿನ ಹತ್ತಿರ ಯಂತ್ರ ಸರಿಮಾಡುತ್ತಿದ್ದರು. ನನ್ನ ಮೇಜಿನ ಮೇಲೆ ರಿಜಿಸ್ಟರು. ಅದರಲ್ಲಿ "ಹೇಗೆ ಗೊತ್ತಾಯಿತು" ಎಂಬ ಒಂದು ಕಲಂ. "ಮನೆಯವರು ಹೇಳಿದ್ದು" ಎಂದು ಬರೆದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಆದರೆ ಸಂಜೆ ಪತ್ರ ಹೋಗುತ್ತದೆ, ಕೋಣೆ ಹೋಗುತ್ತದೆ, ಜೊತೆಗೆ ನಾನೂ ಹೋಗುತ್ತೇನೆ. ನಿಜ ಹೇಳಿದರೆ? ತಪ್ಪು ಲೆಕ್ಕ ಕೊಟ್ಟವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಅತ್ತ ದರಿ, ಇತ್ತ ಪುಲಿ. ಪೆನ್ನಿನ ಮುಚ್ಚಳವನ್ನು ನಾಲ್ಕೈದು ಸಲ ಹಾಕಿ ತೆಗೆದೆ. ಆ ಅಮ್ಮ ಎದುರಿನ ಕುರ್ಚಿಯಲ್ಲಿ ಕೂತು, ನಾನೇನೋ ಒಳ್ಳೆಯ ಮಾತು ಹೇಳುತ್ತಿದ್ದೇನೆ ಎಂಬಂತೆ ನನ್ನನ್ನು ನೋಡಿ ನಗುತ್ತಲೇ ಇದ್ದರು. ಅದನ್ನು ನೋಡಲಾಗಲಿಲ್ಲ. ಎದ್ದು ಒಳಗೆ ಹೋದೆ.

ಹೇಳುವಾಗ ನನ್ನ ಸ್ವರವೇ ನನಗೆ ಕೇಳಿಸಲಿಲ್ಲ. ಅಕ್ಕನ ಕಥೆ, ನಂಬರುಗಳು, ಬ್ಲಾಕ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಗೋಡೆ ಹಿಡಿದು ನಿಂತೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. "ಹನ್ನೆರಡೂ ಅಂಥದ್ದೇಯಾ?" ಎಂದಷ್ಟೇ ಕೇಳಿದರು. "ಗೊತ್ತಿಲ್ಲ ಮೇಡಂ. ಒಂದನ್ನೂ ನಾನು ಕೇಳಿ ನೋಡಲಿಲ್ಲ."

"ಅನ್‌ಬ್ಲಾಕ್ ಮಾಡು. ಒಬ್ಬೊಬ್ಬರಿಗೂ ಬರೆ. ಯಾರೇ ಆಗಲಿ, ಒಟಿಪಿ ಕೇಳಿದರೆ, ಹಣ ಕೇಳಿದರೆ ಆಗ ಮುಚ್ಚು. ಅಮ್ಮನಿಗೆ ಕಿವಿ ಕೇಳುದಿಲ್ಲ ಅಂದವರಿಗೆ ಯಾಕೆ ಮಾರಾಯ್ತಿ ಹೆದರುದು?"

ಆ ಅಮ್ಮನ ಪರೀಕ್ಷೆ ಮುಗಿಯುವಷ್ಟು ಹೊತ್ತು ನಾನು ಬರೆಯುತ್ತಾ ಹೋದೆ. ಉತ್ತರಗಳು ಒಂದರ ಹಿಂದೆ ಒಂದು ಬಂದವು. ಅಪ್ಪ, ಅಮ್ಮ, ಅತ್ತೆ, ಒಬ್ಬನ ಅಜ್ಜಿ. ಇಬ್ಬರು "ಮಂಗಳೂರಲ್ಲಿ ತೋರಿಸಿ ಆಯಿತು" ಎಂದರು. ಮಧ್ಯಾಹ್ನದೊಳಗೆ ಹನ್ನೆರಡೂ ಜನ ನಿಜವಾಗಿ ಕೇಳಿದವರೇ ಎಂದು ಖಾತ್ರಿಯಾಯಿತು. ಮೇಡಂ ನನ್ನ ಪುಸ್ತಕದ ಇಪ್ಪತ್ತನ್ನು ಹೊಡೆದುಹಾಕಿ ಮೂವತ್ತೆರಡು ಎಂದು ಬರೆದರು. ಆರು ಸಾವಿರಕ್ಕೆ ಮೂವತ್ತೆರಡು, ಒಂದಕ್ಕೆ ನೂರ ಎಂಬತ್ತೇಳೂವರೆ ರೂಪಾಯಿ.

"ದರ ಸರಿ ಉಂಟು" ಎಂದರು. "ಆದರೆ ಉತ್ತರ ಕೊಡದ ಎನ್‌ಕ್ವಯರಿಗೆ ದರ ಎಷ್ಟು ಕಡಿಮೆ ಇದ್ದು ಎಂತ ಪ್ರಯೋಜನ? ಇನ್ನೊಂದು ತಿಂಗಳು ನೋಡುವ. ಆಮೇಲೆ ನೀನೂ ಇಲ್ಲ, ಕೋಣೆಯೂ ಇಲ್ಲ ಅಂತ ಆಗಬಾರದು." ಪತ್ರವನ್ನು ಹರಿಯಲಿಲ್ಲ, ಮಡಚಿ ಬ್ಯಾಗಿನೊಳಗೆ ಇಟ್ಟರು. ಅದು ಅಲ್ಲೇ ಇದೆ ಎಂಬ ಹೆದರಿಕೆ ನನಗೆ ಆ ತಿಂಗಳಿಡೀ ಇತ್ತು.

ಮೇಡಂ ಆ ಅಮ್ಮನ ಕಿವಿಗೆ ಪ್ರಯೋಗಕ್ಕೆಂದು ಒಂದು ಶ್ರವಣಯಂತ್ರ ಇಟ್ಟು, "ಮಗಳಿಗೆ ವಿಡಿಯೋ ಕರೆ ಮಾಡಿ ನೋಡು" ಎಂದು ನನಗೆ ಹೇಳಿದರು. ಮಗಳು ಫೋನು ಎತ್ತಿದವಳೇ, ಎಷ್ಟು ವರ್ಷದ ಅಭ್ಯಾಸವೋ, ಗಂಟಲು ಹರಿಯುವಂತೆ "ಅಮ್ಮಾ!" ಎಂದು ಕೂಗಿದಳು. ಅಮ್ಮ ಬೆಚ್ಚಿಬಿದ್ದು ಮೊಬೈಲನ್ನು ದೂರ ಹಿಡಿದು ತುಳುವಿನಲ್ಲಿ ಗದರಿದರು: "ಯಾಕೆ ಹಾಗೆ ಬೊಬ್ಬೆ ಹೊಡೆಯುತ್ತೀ? ನಾನೇನು ಕಿವುಡಿಯಾ?"

ಆಚೆಯಿಂದ ಸದ್ದಿಲ್ಲ. ಅಮ್ಮ "ಹಲೋ, ಹಲೋ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಈಗ ಏನೂ ಕೇಳುದಿಲ್ಲವಲ್ಲ" ಎಂದರು. ಯಂತ್ರ ಕೆಟ್ಟಿತು, ಎಲ್ಲ ಮುಗಿಯಿತು ಎಂದು ಓಡಿಹೋಗಿ ಪರದೆ ನೋಡಿದೆ. ಯಂತ್ರಕ್ಕೆ ಏನೂ ಆಗಿರಲಿಲ್ಲ. ಮಗಳು ಬಾಯಿಗೆ ಕೈ ಒತ್ತಿ ಹಿಡಿದು, ಅಮ್ಮನಿಗೆ ಕೇಳದ ಹಾಗೆ ಅಳುತ್ತಿದ್ದಳು.